ಜೊತೆಗೆ ಓದಿದರು, ಒಬ್ಬಳಿಗೆ ಮಾತ್ರ ಬಂತು

(ಹೆಸರು, ಗುರುತು ಬದಲಾಯಿಸಿದೆ.)

ಮಂಡ್ಯದಲ್ಲಿ ಮೊದಲ ಪಿಯುಸಿ ಓದುವ ಸೌಮ್ಯ ಬಂದು ಕೂತವಳೇ, "ಫಿಸಿಕ್ಸ್ ನನ್ನ ತಲೆಗೆ ಹತ್ತಲ್ಲ ಮೇಡಂ" ಎಂದಳು. ದಿನಾ ಸಂಜೆ ಗೆಳತಿ ರಮ್ಯಳ ಮನೆಯಲ್ಲಿ ಓದುತ್ತಾಳೆ. ರಮ್ಯ ಹೇಳಿಕೊಡುವಾಗ ಎಲ್ಲಾ ಅರ್ಥವಾಗುತ್ತದೆ. ಟೆಸ್ಟಿನಲ್ಲಿ ಮಾತ್ರ ಪೆನ್ನು ಓಡುವುದಿಲ್ಲ.

ಇಬ್ಬರನ್ನೂ ಕರೆಸಿ, ನನ್ನೆದುರೇ ಒಂದು ಲೆಕ್ಕ ಮಾಡಲು ಹೇಳಿದೆ. ರಮ್ಯ ಪೆನ್ನು ಹಿಡಿದಳು, ವಿವರಿಸಿದಳು. ಸೌಮ್ಯ "ಹೂಂ, ಹೂಂ" ಅಂದಳು. ಕಾರಣ ಅಲ್ಲೇ ಕಾಣುತ್ತಿತ್ತು. ಯೋಚಿಸುವ ಕೆಲಸವೆಲ್ಲ ರಮ್ಯಳದು. ಬೇರೆಯವರು ಸಲೀಸಾಗಿ ಹೇಳಿದ್ದು ಕೇಳಿದಾಗ ನಮಗೂ ಬಂದ ಹಾಗೇ ಅನಿಸುತ್ತದೆ. ಸೌಮ್ಯ ದಡ್ಡಿ ಅಲ್ಲ, ಅವಳ ಸರದಿ ಬಂದೇ ಇರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಒಬ್ಬಳು ಲೆಕ್ಕ ಮಾಡುವವಳು, ಇನ್ನೊಬ್ಬಳು ಕೇಳುವವಳು. ಮಾಡುವವಳು ತಲೆಯಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಕೇಳುವವಳು ಪೆನ್ನು ಮುಟ್ಟಬಾರದು, ಉತ್ತರ ಹೇಳಬಾರದು. ಒಂದು ಹೆಜ್ಜೆಯನ್ನೂ ಸುಮ್ನೆ ಬಿಡದೆ "ಯಾಕೆ?" ಅನ್ನಬೇಕು. ಪ್ರತಿ ಲೆಕ್ಕಕ್ಕೂ ಪಾತ್ರ ಅದಲುಬದಲು. ಹೊಸ ಪಾಠದಲ್ಲಿ ಮೊದಲ ಸರದಿ ಸೌಮ್ಯಳದು. ರಮ್ಯ ಮೊದಲು ಮಾಡಿದರೆ ಅದನ್ನೇ ನೋಡಿ ಬರೆಯುವುದು ಸುಲಭ ಅಲ್ವಾ?

ಅಲ್ಲೇ ಶುರು ಮಾಡಿಸಿದೆ. ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ಎಷ್ಟು ಎತ್ತರ ಹೋಗುತ್ತದೆ? ಭೂಮಿಯ ಎಳೆತದಿಂದ ಬರುವ ಆಕ್ಸಿಲರೇಷನ್ g 10 ಅಂತ ಇಟ್ಟುಕೊಳ್ಳಿ ಎಂದೆ. ಸೌಮ್ಯ ಹೇಳುತ್ತಾ ಹೋದಳು: "ತುದಿಯಲ್ಲಿ ವೇಗ ಸೊನ್ನೆ. ಆಕ್ಸಿಲರೇಷನ್ನೂ ಸೊನ್ನೆ." ರಮ್ಯ ತಿದ್ದಲು ಬಾಯಿ ತೆರೆದಳು. ನಾನು ಕೈ ಎತ್ತಿದೆ. ಅವಳು ತಡೆದುಕೊಂಡು ಕೇಳಿದಳು: "ಎರಡೂ ಸೊನ್ನೆ ಆದ್ರೆ ಕಲ್ಲು ಅಲ್ಲೇ ನಿಂತುಬಿಡಬೇಕಲ್ವೇನೇ?" ಸೌಮ್ಯ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇಲ್ಲ ಕಣೇ, ಕೆಳಗೆ ಎಳೀತಾನೇ ಇರುತ್ತೆ. g ಹೋಗಲ್ಲ" ಎಂದಳು. ಎತ್ತರ 20 ಮೀಟರ್ ಅಂತ ತಾನೇ ತೆಗೆದಳು. ಆ ತಪ್ಪು ಅವಳ ತಲೆಯಲ್ಲಿ ಎಷ್ಟು ದಿನದಿಂದ ಇತ್ತೋ. ಬರೀ "ಹೂಂ" ಅನ್ನುತ್ತಾ ಕೂತಿರುವಷ್ಟು ದಿನ ಅದು ಹೊರಗೆ ಬರುವುದೇ ಇಲ್ಲ.

"ನನಗೆ ಟೈಮ್ ಜಾಸ್ತಿ ಹಿಡಿಯುತ್ತೆ ಮೇಡಂ" ಅಂತ ರಮ್ಯ ಅಂದಳು. ನಿಜ, ಹತ್ತು ಲೆಕ್ಕದ ಜಾಗದಲ್ಲಿ ನಾಲ್ಕೇ ಆಗಬಹುದು. ಆದರೆ ಆ "ಯಾಕೆ" ಕೇಳಬೇಕಾದರೆ ಪ್ರತಿ ಹೆಜ್ಜೆಯ ಕಾರಣ ರಮ್ಯಳಿಗೂ ಗೊತ್ತಿರಬೇಕು. ಅವಳು ಸೂತ್ರ ಬಾಯಿಪಾಠ ಮಾಡಿ ದಾಟಿಬಿಟ್ಟ ಜಾಗಗಳೂ ಆಗ ಸಿಕ್ಕಿಬೀಳುತ್ತವೆ.

ಕಲಿತರೋ ಇಲ್ಲವೋ ಅಂತ ಆ ಸಂಜೆಯೇ ನೋಡಬೇಡಿ ಎಂದೆ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ಮುಂದಿದ್ದವರು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು. ಹಾಗಾಗಿ ಎರಡು ದಿನ ಬಿಟ್ಟು, ಇಬ್ಬರೂ ಅವರವರ ಮನೆಯಲ್ಲಿ, ಅದೇ ಥರದ ಬೇರೆ ಲೆಕ್ಕವನ್ನು ಒಬ್ಬರೇ ಮಾಡಬೇಕು. ನಿಂತ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು. ಮುಂದಿನ ಸಂಜೆ ಶುರು ಆಗುವುದು ಅಲ್ಲಿಂದ.

ಇಬ್ಬರಿಗೂ ಗೊತ್ತಿಲ್ಲದ ಕಡೆ ಈ ಕ್ರಮ ಕೈಕೊಡುತ್ತದೆ, ಇಬ್ಬರೂ ಸೇರಿ ತಪ್ಪನ್ನೇ ಗಟ್ಟಿ ಮಾಡಿಕೊಳ್ಳಬಹುದು. ಅಂಥದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮರುದಿನ ಲೆಕ್ಚರರ್ ಹತ್ತಿರ ಸೌಮ್ಯಳೇ ಕೇಳಬೇಕು ಅಂತ ಹೇಳಿ ಕಳಿಸಿದೆ.