ಬೆಕ್ಕಿನ ಮಿಯಾಂವ್ ಯಾರಿಗೆ?

ಪ್ರಶ್ನೆ: ನಮ್ಮ ಎರಡು ಬೆಕ್ಕುಗಳು ಒಂದಕ್ಕೊಂದು ಮಿಯಾಂವ್ ಅನ್ನೋದೇ ಇಲ್ಲ, ನಮ್ಮನ್ನು ಕಂಡರೆ ಮಾತ್ರ ಕೂಗುತ್ತವೆ. ಯಾಕೆ?

ಮರಿ ತಾಯಿಯನ್ನು ಕರೆಯುವ ದನಿ ಅದು. ದೊಡ್ಡವಾದ ಮೇಲೆ ಬೆಕ್ಕುಗಳು ತಮ್ಮೊಳಗೆ ವಾಸನೆ, ಬಾಲ, ಕಿವಿಗಳಲ್ಲೇ ಹೆಚ್ಚಿನ ವಿಷಯ ತಿಳಿಸಿಕೊಳ್ಳುತ್ತವೆ. ಜಗಳಕ್ಕೆ, ಬೆದೆಗೆ ಬೇರೆ ಕೂಗುಗಳಿವೆ. ನಮಗೆ ಬಾಲದ ಮಾತು ತಿಳಿಯಲ್ಲ, ಕೂಗಿದರೆ ತಿರುಗಿ ನೋಡುತ್ತೇವೆ ಅಲ್ವಾ? ಅದನ್ನು ಅವು ಬೇಗ ಕಲಿಯುತ್ತವೆ.

ಮಡಿಕೇರಿ ಹತ್ತಿರದ ನಮ್ಮ ಮನೆಯಲ್ಲಿ ಮತ್ತಿ ಮೀನು ಕ್ಲೀನ್ ಮಾಡಲು ಕೂತರೆ ಸಾಕು, ಬೆಕ್ಕು ಕಾಲಿಗೆ ಮೈ ಉಜ್ಜಿ, ಕೊನೆಯಲ್ಲಿ ದನಿ ಏರಿಸಿ ಚಿಕ್ಕದಾಗಿ ಕೂಗುತ್ತದೆ. ಜೋರು ಮಳೆಗೆ ಬಾಗಿಲು ಹಾಕಿದ್ದರೆ ಕೂಗು ಉದ್ದ, ಕೊನೆಗೆ ದನಿ ಇಳಿಯುತ್ತದೆ. ಕಾಫಿ ತೋಟ ಸುತ್ತಿ ಬಂದಾಗ ಬಾಯಿ ಮುಚ್ಚಿಕೊಂಡೇ 'ಬ್ರ್ರ್' ಅನ್ನುತ್ತದೆ. ಅದು ಬಂದೆ ಅಂತ ಹೇಳುವ ರೀತಿ. ತಾಯಿ ಬೆಕ್ಕು ಮರಿಗಳನ್ನು ಕರೆಯುವುದೂ ಹೀಗೇ.

ನಿಮ್ಮ ಬೆಕ್ಕಿನ ಕೂಗು ಬೇರೆ ಇರಬಹುದು. ಹೊರಗಿನವರಿಗೆ ಬರೀ ದನಿ ಕೇಳಿ ಅರ್ಥ ಹೇಳುವುದು ಕಷ್ಟ. ಎಲ್ಲಿ ನಿಂತಿದೆ, ಯಾವ ಹೊತ್ತು, ಅದನ್ನೂ ನೋಡಿ.

ಒಂದು ಕೂಗನ್ನು ಮಾತ್ರ ಸುಮ್ನೆ ಬಿಡಬೇಡಿ. ಗಂಡು ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು, ಬಾರದೆ ನರಳಿದರೆ ಮೂತ್ರನಾಳ ಕಟ್ಟಿರಬಹುದು. ಬೆಳಗಾಗಲಿ ಅಂತ ಕಾಯದೆ ಪಶುವೈದ್ಯರಿಗೆ ತೋರಿಸಿ.