ಡಯೋಡ್ ಕರ್ವ್ ಸರಿ ಇದೆ, ಗೆರೆ ಹೊರಟ ಜಾಗ ತಪ್ಪಿದೆ

ಪ್ರಶ್ನೆ: 1.5 ವೋಲ್ಟ್ ಸಪ್ಲೈಗೆ 1 ಕಿಲೋಓಮ್ ರೆಸಿಸ್ಟರ್ ಮತ್ತು 1N4148 ಡಯೋಡ್ ಸರಣಿಯಲ್ಲಿ ಜೋಡಿಸಿದ್ದೇನೆ. ಗ್ರಾಫಿನಲ್ಲಿ ಡಯೋಡ್ ಕರ್ವ್ ಮತ್ತು ರೆಸಿಸ್ಟರ್ ಗೆರೆ ಎಳೆದರೆ 0.57 ಮಿಲಿಆಂಪಿಯರ್ ಬರುತ್ತದೆ, ಅಳೆದರೆ ಸುಮಾರು 0.9. ನನ್ನ ಡಯೋಡ್ ಕರ್ವ್ ತಪ್ಪಿರಬಹುದೇ? ಡಯೋಡ್ ಮೇಲೆ 0.7 ವೋಲ್ಟ್ ಅಂತ ಹಿಡಿದರೆ ಸಾಕಲ್ಲವೇ, ಈ ಲೋಡ್ ಲೈನ್ ಯಾಕೆ ಬೇಕು?

ನಿಮ್ಮ 0.57 ನೋಡಿದ ಕೂಡಲೇ ಗೊತ್ತಾಯಿತು, ನೀವು ರೆಸಿಸ್ಟರ್ ಗೆರೆಯನ್ನು ಸೊನ್ನೆಯಿಂದ ಎಳೆದಿದ್ದೀರಿ. ನಾನೂ ಮೊದಲು ಹಾಗೇ ಎಳೆದೆ. ಲೆಕ್ಕ ಮೀಟರಿಗೆ ಹೊಂದದಿದ್ದಾಗ ಡಯೋಡ್ ಮೇಲೆ ಅನುಮಾನಪಟ್ಟು, ಒಂದರ ಹಿಂದೊಂದು ಮೂರು ಡಯೋಡ್ ಬದಲಿಸಿ ಕರ್ವನ್ನು ಮತ್ತೆ ಮತ್ತೆ ಅಳೆದೆ. ಕರ್ವ್ ಪ್ರತಿ ಸಲವೂ ಸರಿಯಾಗಿಯೇ ಇತ್ತು.

ತಪ್ಪು ಹುಟ್ಟುವುದು ಇಲ್ಲಿ. ಓಮ್ ನಿಯಮದಿಂದ I = V/R, ಆದ್ದರಿಂದ ಗೆರೆ ಸೊನ್ನೆಯಿಂದ ಹೊರಟು ಮೇಲಕ್ಕೇರಬೇಕು ಎಂದು ಕೈ ತಾನಾಗಿ ಎಳೆದುಬಿಡುತ್ತದೆ. ಆ ಸೂತ್ರದ V ರೆಸಿಸ್ಟರ್ ಮೇಲಿನ ವೋಲ್ಟೇಜ್. ಆದರೆ ನಿಮ್ಮ ಹಾಳೆಯ ಅಡ್ಡ ಅಕ್ಷದಲ್ಲಿ ಇರುವುದು ಡಯೋಡ್ ಮೇಲಿನ ವೋಲ್ಟೇಜ್. ಎರಡು ಬೇರೆ ಬೇರೆ ವೋಲ್ಟೇಜುಗಳನ್ನು ಒಂದೇ ಅಕ್ಷದ ಮೇಲೆ ಕೂರಿಸಿದ ಹಾಗಾಯಿತು. ಆಗ ಗೆರೆ ಮತ್ತು ಕರ್ವ್ ಕೂಡುವ ಬಿಂದು ಹೇಳುವುದು ಇಷ್ಟೇ: ಈ ಕರೆಂಟಿನಲ್ಲಿ ಡಯೋಡ್ ಮೇಲೂ ರೆಸಿಸ್ಟರ್ ಮೇಲೂ ಸಮಾನ ವೋಲ್ಟೇಜ್ ಇರುತ್ತದೆ. ಆದರೆ ನಿಮ್ಮ ಸರ್ಕ್ಯೂಟಿನಲ್ಲಿ ಅವೆರಡೂ ಸಮಾನ ಇರಬೇಕೆಂಬ ನಿಯಮವೇನೂ ಇಲ್ಲ. ಇರುವ ನಿಯಮ ಒಂದೇ, ಎರಡರ ಮೊತ್ತ 1.5 ವೋಲ್ಟ್ ಆಗಬೇಕು.

ನಿಮ್ಮ ಉತ್ತರದಲ್ಲೇ ಇದನ್ನು ಪರೀಕ್ಷಿಸಬಹುದು. 0.57 ಮಿಲಿಆಂಪಿಯರ್ ಹರಿದರೆ ರೆಸಿಸ್ಟರ್ ಮೇಲೆ 0.57 ವೋಲ್ಟ್, ಡಯೋಡ್ ಮೇಲೂ ಹೆಚ್ಚುಕಡಿಮೆ 0.57. ಕೂಡಿಸಿದರೆ 1.14. ಉಳಿದ 0.36 ವೋಲ್ಟ್ ಎಲ್ಲೂ ಸಿಗುವುದಿಲ್ಲ. ಇನ್ನೂ ಸ್ಪಷ್ಟವಾದ ಗುರುತು ಬೇಕಿದ್ದರೆ, ಸಪ್ಲೈಯನ್ನು 3 ವೋಲ್ಟಿಗೆ ಏರಿಸಿ ಅದೇ ಗ್ರಾಫ್ ನೋಡಿ. ಸೊನ್ನೆಯಿಂದ ಎಳೆದ ಗೆರೆಯಲ್ಲಿ ಸಪ್ಲೈ ಎಲ್ಲೂ ಬರುವುದೇ ಇಲ್ಲ, ಹಾಗಾಗಿ ಆಗಲೂ 0.57 ಎಂದೇ ಹೇಳುತ್ತದೆ. ಸಪ್ಲೈ ದುಪ್ಪಟ್ಟಾದರೂ ಉತ್ತರ ಕದಲದಿದ್ದರೆ ತಪ್ಪು ಗೆರೆಯಲ್ಲೇ ಇದೆ, ಡಯೋಡನ್ನು ಮುಟ್ಟಬೇಡಿ.

ಸರಿಯಾದ ಗೆರೆಗೆ, ಅಂದರೆ ಲೋಡ್ ಲೈನಿಗೆ, ರೆಸಿಸ್ಟರನ್ನು ಡಯೋಡಿನ ಕಡೆಯಿಂದ ನೋಡಬೇಕು. ಡಯೋಡ್ ತನ್ನ ಪಾಲಿಗೆ V ತೆಗೆದುಕೊಂಡರೆ ರೆಸಿಸ್ಟರಿಗೆ ಉಳಿಯುವುದು 1.5 − V. ಆದ್ದರಿಂದ I = (1.5 − V)/R. ಡಯೋಡ್ ಏನೂ ತೆಗೆದುಕೊಳ್ಳದಿದ್ದರೆ, ಅಂದರೆ V ಸೊನ್ನೆಯಾದರೆ, ಕರೆಂಟ್ 1.5 ಮಿಲಿಆಂಪಿಯರ್. ಇದು ಲಂಬ ಅಕ್ಷದ ಮೇಲಿನ ಬಿಂದು. ಡಯೋಡೇ ಪೂರ್ತಿ 1.5 ವೋಲ್ಟ್ ನುಂಗಿದರೆ ಕರೆಂಟ್ ಸೊನ್ನೆ. ಇದು ಅಡ್ಡ ಅಕ್ಷದ ಮೇಲಿನ ಬಿಂದು. ಎರಡನ್ನೂ ಸ್ಕೇಲಿನಿಂದ ಸೇರಿಸಿ. ಗೆರೆ ಎಡದಿಂದ ಬಲಕ್ಕೆ ಇಳಿಯಬೇಕು, ಏರಿದರೆ ಮತ್ತೆ ಹಳೆಯ ತಪ್ಪೇ. ಸೊನ್ನೆಯಿಂದ ಎಳೆದ ಗೆರೆಯನ್ನು ಕನ್ನಡಿಯಲ್ಲಿ ತಿರುಗಿಸಿ, ಅದರ ಬುಡವನ್ನು 1.5 ವೋಲ್ಟಿನ ಮೇಲೆ ಊರಿದಂತೆ ಎಂದುಕೊಳ್ಳಿ.

ಕರ್ವಿಗೆ ನಾನು ಅಳೆದ ಬಿಂದುಗಳು ಇವು: 0.50 ವೋಲ್ಟಿಗೆ 0.14 ಮಿಲಿಆಂಪಿಯರ್, 0.55ಕ್ಕೆ 0.37, 0.60ಕ್ಕೆ 1.0, 0.65ಕ್ಕೆ 2.7. ನಿಮ್ಮ ಡಯೋಡಿನಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. ಇಳಿಯುವ ಗೆರೆ ಈ ಕರ್ವನ್ನು 0.595 ವೋಲ್ಟ್ ಹತ್ತಿರ, 0.905 ಮಿಲಿಆಂಪಿಯರಿನಲ್ಲಿ ಕಡಿಯುತ್ತದೆ. ಕೂಡಿಸಿ ನೋಡಿ: ಡಯೋಡಿಗೆ 0.595, ರೆಸಿಸ್ಟರಿಗೆ 0.905, ಮೊತ್ತ 1.5. ನಿಮ್ಮ ಮೀಟರ್ ಹೇಳಿದ 0.9 ಇದೇ.

ಅಳೆಯುವಾಗ ಒಂದು ಎಚ್ಚರ. ಕರೆಂಟ್ ನೋಡಲು ಮೀಟರನ್ನು ಸರಣಿಯಲ್ಲಿ ಹಾಕಬೇಡಿ. ಅದರ ಒಳಗಿನ ರೋಧವೂ ಸರ್ಕ್ಯೂಟಿಗೆ ಸೇರಿ, ನೀವು ಎಳೆದ ಗೆರೆಯೇ ಬದಲಾಗುತ್ತದೆ. ರೆಸಿಸ್ಟರ್ ಮೇಲಿನ ವೋಲ್ಟೇಜ್ ಅಳೆದು R ಇಂದ ಭಾಗಿಸಿ. 1 ಕಿಲೋಓಮ್ ಆದ್ದರಿಂದ ವೋಲ್ಟಿನ ಅಂಕಿಯೇ ಮಿಲಿಆಂಪಿಯರಿನ ಅಂಕಿ. ಸಪ್ಲೈಯನ್ನೂ ಸರ್ಕ್ಯೂಟ್ ಜೋಡಿಸಿದ ಮೇಲೆ ಅಳೆದು, ಆ ಅಂಕಿಯಿಂದಲೇ ಗೆರೆ ಎಳೆಯಿರಿ. ಹೊಸ 1.5 ವೋಲ್ಟ್ ಸೆಲ್ 1.6ರ ಹತ್ತಿರ ತೋರಿಸಬಹುದು, ಇಷ್ಟು ಕಡಿಮೆ ವೋಲ್ಟೇಜಿನಲ್ಲಿ 0.1ರ ವ್ಯತ್ಯಾಸ ಉತ್ತರದಲ್ಲಿ ಎದ್ದು ಕಾಣುತ್ತದೆ.

ಇನ್ನು 0.7ರ ಮಾತು. ಅದು ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ, ಕನಿಷ್ಠ ಈ ಸರ್ಕ್ಯೂಟಿನಲ್ಲಿ ಸಾಲದು. 0.7 ಹಿಡಿದರೆ ಕರೆಂಟ್ 0.8 ಮಿಲಿಆಂಪಿಯರ್ ಬರುತ್ತದೆ, ನಿಜಕ್ಕಿಂತ ಸುಮಾರು ಶೇಕಡಾ 12 ಕಡಿಮೆ. ರೆಸಿಸ್ಟರನ್ನು 10 ಕಿಲೋಓಮ್ ಮಾಡಿದರೆ ಡಯೋಡ್ ಮೇಲೆ ಉಳಿಯುವುದು 0.485 ವೋಲ್ಟ್ ಮಾತ್ರ, ಕೊರತೆ ಶೇಕಡಾ 21ಕ್ಕೆ ಏರುತ್ತದೆ. 100 ಓಮ್ ಹಾಕಿದರೆ ಮಾತ್ರ ಕರೆಂಟ್ 8 ಮಿಲಿಆಂಪಿಯರ್ ಹತ್ತಿರ ಹೋಗಿ, ಡಯೋಡ್ ನಿಜವಾಗಿಯೂ 0.7ಕ್ಕೆ ಬರುತ್ತದೆ. ಅಂದರೆ 0.7 ಎನ್ನುವುದು ಡಯೋಡಿನ ಸ್ಥಿರ ಗುಣವಲ್ಲ, ಅದು ಕೆಲವು ಮಿಲಿಆಂಪಿಯರ್ ಹರಿಯುವಾಗ ಸಿಗುವ ಅಂಕಿ. ಸಪ್ಲೈ 12 ವೋಲ್ಟ್ ಇದ್ದರೆ ಧಾರಾಳವಾಗಿ 0.7 ಹಿಡಿಯಿರಿ, ಅಲ್ಲಿ ಡಯೋಡಿನ 0.05 ವೋಲ್ಟಿನಷ್ಟು ತಪ್ಪು 11 ವೋಲ್ಟಿನಲ್ಲಿ ಮುಳುಗಿಹೋಗುತ್ತದೆ.

ಲೋಡ್ ಲೈನ್ ನನಗೆ ಹೆಚ್ಚು ಬಳಕೆಗೆ ಬಂದದ್ದು ಒಂದು ಉತ್ತರಕ್ಕಲ್ಲ, ಬದಲಾವಣೆ ನೋಡಲಿಕ್ಕೆ. ಸಪ್ಲೈ ಬದಲಾದರೆ ಗೆರೆ ತನಗೆ ಸಮಾನಾಂತರವಾಗಿ ಜರುಗುತ್ತದೆ, ಕರ್ವ್ ಅಲ್ಲೇ ಇರುತ್ತದೆ. R ಬದಲಾದರೆ ಗೆರೆ ಅಡ್ಡ ಅಕ್ಷದ ಮೇಲಿನ ಸಪ್ಲೈ ಬಿಂದುವನ್ನು ಹಿಡಿದು ತಿರುಗುತ್ತದೆ. ಸಪ್ಲೈಯನ್ನು 3 ವೋಲ್ಟ್ ಮಾಡಿ ನೋಡೋಣ. ನಿಮ್ಮ ಹಾಳೆ 1 ವೋಲ್ಟಿಗೇ ಮುಗಿದರೆ 3 ವೋಲ್ಟಿನ ಬಿಂದು ಹಾಳೆಯಾಚೆ ಬೀಳುತ್ತದೆ. ಅದಕ್ಕಾಗಿ ಅಳತೆಯನ್ನು ಕುಗ್ಗಿಸಿ ಕರ್ವನ್ನು ಹಿಸುಕಬೇಡಿ. V ಸೊನ್ನೆಯಾದಾಗ 3 ಮಿಲಿಆಂಪಿಯರ್, V ಒಂದಾದಾಗ 2 ಮಿಲಿಆಂಪಿಯರ್, ಈ ಎರಡು ಬಿಂದು ಸಾಕು. ಗೆರೆ ಕರ್ವನ್ನು 0.643 ವೋಲ್ಟ್, 2.36 ಮಿಲಿಆಂಪಿಯರಿನಲ್ಲಿ ಕಡಿಯುತ್ತದೆ. ಸಪ್ಲೈ ಎರಡರಷ್ಟಾಯಿತು, ಕರೆಂಟ್ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು, ಡಯೋಡ್ ವೋಲ್ಟೇಜ್ ಮಾತ್ರ ಸುಮಾರು 0.05 ವೋಲ್ಟಿನಷ್ಟೇ ಏರಿತು.