ರೂಪಾಯಿ ಬಿದ್ದಾಗ ದುಬೈ ಹಣ ಕಾಯುವ ಮನೆಯ ಲೆಕ್ಕ

“ಅಣ್ಣ ದುಬೈನಿಂದ ಪ್ರತಿ ತಿಂಗಳೂ ಹಣ ಕಳುಹಿಸುತ್ತಾನೆ. ರೂಪಾಯಿ ಬೀಳುತ್ತಿರುವುದು ನಮಗೆ ಲಾಭವೇ? ಇನ್ನಷ್ಟು ಬೀಳಲಿ ಎಂದು ಕಾಯಬಹುದೇ? ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸಿದ್ದಕ್ಕೂ ಇದಕ್ಕೂ ಸಂಬಂಧವಿದೆಯೇ?”

ದಯವಿಟ್ಟು ಕಾಯಬೇಡಿ. ಕಾದು ಕೈ ಸುಟ್ಟುಕೊಂಡವರು ನಾವು.

ನಾವಿರುವುದು ಮಂಡ್ಯದಲ್ಲಿ. ನನ್ನ ಯಜಮಾನರು ದುಬೈನಲ್ಲಿ ಎ.ಸಿ. ದುರಸ್ತಿ ಮಾಡುತ್ತಾರೆ, ತಿಂಗಳಿಗೆ 2,000 ದಿರ್ಹಮ್ ಕಳುಹಿಸುತ್ತಾರೆ. ದಿರ್ಹಮ್ ಬೆಲೆ ಡಾಲರಿಗೆ ಅಂಟಿಕೊಂಡಿದೆ: ಒಂದು ಡಾಲರಿಗೆ 3.6725 ದಿರ್ಹಮ್, ವರ್ಷಗಳಿಂದ ಕದಲಿಲ್ಲ. ಹಾಗಾಗಿ ಡಾಲರ್ ಎಷ್ಟು ಏರುತ್ತದೆಯೋ ನಮಗೆ ದಿರ್ಹಮ್ ಕೂಡ ಅಷ್ಟೇ ಏರುತ್ತದೆ. 2022ರ ಜನವರಿಯಲ್ಲಿ ಡಾಲರ್ 74 ರೂಪಾಯಿ ಚಿಲ್ಲರೆ ಇದ್ದಾಗ ಆ ಎರಡು ಸಾವಿರಕ್ಕೆ ಸುಮಾರು 40,600 ರೂಪಾಯಿ ಬರುತ್ತಿತ್ತು. 2025ರ ಡಿಸೆಂಬರಿನಲ್ಲಿ ಡಾಲರ್ 90 ದಾಟಿದಾಗ ಸುಮಾರು 49,000 ಬಂತು. ಬ್ಯಾಂಕಿನ ಸಂದೇಶ ನೋಡಿ ಅತ್ತೆ “ಸಂಬಳ ಜಾಸ್ತಿಯಾಯಿತೇನಮ್ಮ?” ಎಂದು ಕೇಳಿದರು. ಆಗಿರಲಿಲ್ಲ. ನಾಲ್ಕು ವರ್ಷದಿಂದ ಅದೇ ಸಂಬಳ.

ಹೆಚ್ಚಿದ್ದು ನೂರಕ್ಕೆ ಇಪ್ಪತ್ತರಷ್ಟು. ಅದೇ ಅವಧಿಯಲ್ಲಿ ನಮ್ಮಲ್ಲಿ ಬೆಲೆಗಳೂ ಹೆಚ್ಚುಕಡಿಮೆ ಅಷ್ಟೇ ಏರಿವೆ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ, ಕಚ್ಚಾ ತೈಲ ಬಹುಪಾಲು ಹೊರಗಿನದೇ, ಚಿನ್ನವೂ ಅಷ್ಟೇ. ಇವೆಲ್ಲಕ್ಕೂ ದೇಶ ಡಾಲರ್ ಕೊಡಬೇಕು. ರೂಪಾಯಿ ಬಿದ್ದ ತಿಂಗಳು ಕೈಗೆ ಹೆಚ್ಚು ಬರುತ್ತದೆ, ಬೆಲೆ ನಿಧಾನವಾಗಿ ಹಿಂದೆ ಬಂದು ಅದನ್ನು ತಿನ್ನುತ್ತದೆ. ಲಾಭವೆಂದರೆ ಆ ನಡುವಿನ ಕಾಲ ಮಾತ್ರ. ದುಬೈನಲ್ಲಿ ಯಾರೂ ಇಲ್ಲದ ಪಕ್ಕದ ಮನೆಯವರಿಗೆ ಅದೂ ಇಲ್ಲ.

ಇನ್ನು ಬಡ್ಡಿ. ಹೆಚ್ಚು ಬಡ್ಡಿ ಎಲ್ಲಿ ಸಿಗುತ್ತದೆಯೋ ದೊಡ್ಡ ಹಣ ಅತ್ತ ಹೋಗುತ್ತದೆ. 2022ರ ಮಾರ್ಚಿನಿಂದ ಮುಂದಿನ ವರ್ಷದ ಜುಲೈವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ತನ್ನ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇ 5.5ರವರೆಗೆ ಏರಿಸಿತು. ನಮ್ಮ ರೆಪೊ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4ರಿಂದ 6.5ಕ್ಕೆ ಮಾತ್ರ ಏರಿತು. ಎರಡರ ಅಂತರ ಕಿರಿದಾದಂತೆ ಡಾಲರ್ ಹಣ ಅಮೆರಿಕದತ್ತ ವಾಲಿತು. ನಾವು ಬಡ್ಡಿ ಏರಿಸಿದರೂ ರೂಪಾಯಿ ಬಿತ್ತು. 2025ರಲ್ಲಿ ಕಥೆ ಬೇರೆ. ಬೆಲೆ ಏರಿಕೆ ತಗ್ಗಿದ್ದರಿಂದ ರಿಸರ್ವ್ ಬ್ಯಾಂಕ್ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊವನ್ನು 6.5ರಿಂದ 5.25ಕ್ಕೆ ಇಳಿಸಿತು. ರಿಸರ್ವ್ ಬ್ಯಾಂಕಿಗೆ ಕಾನೂನು ಕೊಟ್ಟಿರುವ ಗುರಿ ಶೇ 4ರ ಹಣದುಬ್ಬರ. ಡಾಲರಿಗೆ ಇಷ್ಟೇ ರೂಪಾಯಿ ಇರಬೇಕೆಂಬ ಗುರಿ ಇಲ್ಲ. ಬಡ್ಡಿ ಇಳಿಕೆಯ ಜೊತೆಗೆ ಅಮೆರಿಕದ ಸುಂಕ, ಇಲ್ಲಿನ ಷೇರು ಮಾರಿ ಹೊರಟ ವಿದೇಶಿ ಹೂಡಿಕೆದಾರರು, ಇವೂ ರೂಪಾಯಿಯನ್ನು ಕೆಳಗೆ ತಳ್ಳಿದವು. ಇಷ್ಟು ಕಡೆಯ ಎಳೆತವಿರುವಾಗ ಮುಂದಿನ ತಿಂಗಳ ದರವನ್ನು ಮನೆಯಲ್ಲಿ ಕುಳಿತು ಊಹಿಸಲಾಗದು.

ನಾವು ಊಹಿಸಲು ಹೋದೆವು. 2025ರ ಸೆಪ್ಟೆಂಬರಿನಲ್ಲಿ ದಿರ್ಹಮ್ 24 ರೂಪಾಯಿ ಇತ್ತು. ಏರಲಿ ಎಂದು ಮೂರು ತಿಂಗಳ 6,000 ದಿರ್ಹಮನ್ನು ಅವರು ಅಲ್ಲೇ ಇಟ್ಟುಕೊಂಡರು. ಇಲ್ಲಿ ಮನೆ ನಡೆಯಬೇಕಲ್ಲ, ನಾನು ಪರಿಚಯದವರ ಬಳಿ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಒಂದು ಲಕ್ಷ ಕೈಸಾಲ ತಂದೆ. ಡಿಸೆಂಬರಿನಲ್ಲಿ ದಿರ್ಹಮ್ 24.50 ಆಯಿತು. ನಮ್ಮ ಊಹೆ ಸರಿಯಾಗಿಯೇ ಇತ್ತು! ಗಳಿಸಿದ್ದು ಹೆಚ್ಚೆಂದರೆ 3,000 ರೂಪಾಯಿ, ಮೂರು ತಿಂಗಳಿಗೆ ಕಟ್ಟಿದ ಬಡ್ಡಿ 6,000. ತಿಂಗಳಿಗೆ ಶೇ 2 ಕಟ್ಟುವವರಿಗೆ ರೂಪಾಯಿ ತಿಂಗಳಿಗೆ ಶೇ 2ಕ್ಕಿಂತ ವೇಗವಾಗಿ ಬಿದ್ದರೆ ಮಾತ್ರ ಕಾದದ್ದು ಲಾಭ. ಅಷ್ಟು ವೇಗ ಅಪರೂಪ.

ನಿಜವಾಗಿ ಉಳಿದದ್ದು ಬೇರೆ ಕಡೆ. ನಮ್ಮ ಮನೆ ಸಾಲ ರೆಪೊಗೆ ಜೋಡಿಸಿದ್ದು: 20 ಲಕ್ಷ, 15 ವರ್ಷ. ಬಡ್ಡಿ 9ರಿಂದ 7.75ಕ್ಕೆ ಇಳಿದರೆ ಕಂತು 20,285ರಿಂದ ಸುಮಾರು 18,825ಕ್ಕೆ ಬರುತ್ತದೆ. ಆದರೆ ಬ್ಯಾಂಕಿನವರು ಸಾಮಾನ್ಯವಾಗಿ ಕಂತನ್ನು ಹಾಗೆಯೇ ಬಿಟ್ಟು ಅವಧಿ ಕಡಿಮೆ ಮಾಡುತ್ತಾರೆ, ಹಾಗಾಗಿ ನಿಮ್ಮ ಸಾಲದ ವಿವರಪಟ್ಟಿ ತೆಗೆಸಿ ಬಡ್ಡಿ ದರ ಇಳಿದಿದೆಯೇ ನೋಡಿ. ಹಳೆಯ ಸಾಲವಾದರೆ ಅದು ರೆಪೊಗೆ ಜೋಡಣೆಯಾಗಿರದೆಯೂ ಇರಬಹುದು, ಬದಲಿಸಿಕೊಡಲು ಕೇಳಿ. ನಾವು ಕಂತನ್ನು ಇಳಿಸಿಕೊಳ್ಳಲಿಲ್ಲ, ಅವಧಿಯೇ ಕಡಿಮೆಯಾಗಲಿ ಎಂದು ಬಿಟ್ಟೆವು.

ಇದೇ ಬಡ್ಡಿ ಇಳಿಕೆ ಅತ್ತೆಯ ಠೇವಣಿಗೆ ಹೊಡೆತ. ನವೀಕರಿಸುವಾಗ ಮುಕ್ಕಾಲು ಶೇಕಡಾ ಕಡಿಮೆ ಸಿಕ್ಕಿತು, ಹತ್ತು ಲಕ್ಷಕ್ಕೆ ವರ್ಷಕ್ಕೆ 7,500 ರೂಪಾಯಿ ಹೋಯಿತು. ಅವರ ಔಷಧಿಯ ಖರ್ಚು ಆ ಬಡ್ಡಿಯಿಂದಲೇ ನಡೆಯುತ್ತಿತ್ತು, ಈಗ ದುಬೈ ಹಣದಿಂದ ಸ್ವಲ್ಪ ಸೇರಿಸುತ್ತೇನೆ. ಯಜಮಾನರು ಈಗ ಸಂಬಳವಾದ ಎರಡನೇ ದಿನವೇ, ದರ ಎಷ್ಟೇ ಇರಲಿ, ಹಣ ಕಳುಹಿಸುತ್ತಾರೆ.